ಕವರ್ ಎಷ್ಟು ದಪ್ಪ, ಎಲ್ಲಿ ದಪ್ಪ?

2010ರ ಜುಲೈ 16ರಂದು ಸ್ಟೀವ್ ಜಾಬ್ಸ್ ಕ್ಯಾಲಿಫೋರ್ನಿಯಾದ ತಮ್ಮ ಕಚೇರಿಗೆ ಪತ್ರಕರ್ತರನ್ನು ಕರೆಸಿದರು. ಹೊಸ ಫೋನು ತೋರಿಸುವುದಕ್ಕಲ್ಲ, ಮೂರು ವಾರದ ಹಿಂದೆ ಮಾರುಕಟ್ಟೆಗೆ ಬಂದಿದ್ದ ಐಫೋನ್ 4ರ ಬಗ್ಗೆ ಎದ್ದಿದ್ದ ಗದ್ದಲಕ್ಕೆ ಉತ್ತರ ಕೊಡುವುದಕ್ಕೆ. ಫೋನನ್ನು ಎಡಗೈಯಲ್ಲಿ ಹಿಡಿದರೆ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಅಂದು ಜಾಬ್ಸ್ ಘೋಷಿಸಿದ ಪರಿಹಾರ ವಿಚಿತ್ರವಾಗಿತ್ತು: ಐಫೋನ್ 4 ಕೊಂಡವರಿಗೆಲ್ಲ ಒಂದು ಕವರ್ ಉಚಿತ.

ಕವರ್ ಹಾಕಿದರೆ ಸಿಗ್ನಲ್ ಕಡಿಮೆಯಾಗುತ್ತದೆ, ದಪ್ಪ ಕವರ್ ಹಾಕಿದರೆ ಇನ್ನೂ ಕಡಿಮೆಯಾಗುತ್ತದೆ ಎಂಬುದು ಇವತ್ತಿಗೂ ಬಹಳ ಜನರ ನಂಬಿಕೆ. ಇಲ್ಲಿ ನೋಡಿದರೆ ಕವರ್ ಹಾಕಿದ್ದರಿಂದಲೇ ಸಿಗ್ನಲ್ ಸುಧಾರಿಸಿತು. ಇದರ ಕಾರಣ ಅರ್ಥವಾದರೆ ಕವರ್ ವಿಷಯದ ಅರ್ಧ ಗೊಂದಲ ಬಗೆಹರಿಯುತ್ತದೆ.

ಐಫೋನ್ 4ರ ಅಂಚಿನ ಸ್ಟೀಲ್ ಪಟ್ಟಿ ಬರೀ ಅಲಂಕಾರವಾಗಿರಲಿಲ್ಲ, ಅದೇ ಆಂಟೆನಾ. ಪಟ್ಟಿಯ ಒಂದು ತುಂಡು ವೈಫೈ, ಬ್ಲೂಟೂತ್, ಜಿಪಿಎಸ್‌ಗೆ. ಇನ್ನೊಂದು ತುಂಡು ಕರೆ ಮತ್ತು ಡೇಟಾಗೆ. ಎರಡರ ನಡುವೆ, ಎಡಭಾಗದ ಕೆಳಮೂಲೆಯಲ್ಲಿ, ಕೂದಲೆಳೆಯಂಥ ಒಂದು ಕಪ್ಪು ಗೀರು. ಎಡಗೈಯಲ್ಲಿ ಫೋನ್ ಹಿಡಿದಾಗ ಅಂಗೈಯ ತೇವದ ಚರ್ಮ ಸರಿಯಾಗಿ ಆ ಗೀರಿನ ಮೇಲೆಯೇ ಕೂತು ಎರಡು ತುಂಡುಗಳನ್ನೂ ಬೆಸೆದುಬಿಡುತ್ತಿತ್ತು. ಒಂದು ನಿರ್ದಿಷ್ಟ ತರಂಗಾಂತರಕ್ಕೆ ಅಳತೆ ಮಾಡಿ ಕತ್ತರಿಸಿದ್ದ ಆಂಟೆನಾದ ಶ್ರುತಿ ಅಲ್ಲಿಗೆ ಕೆಟ್ಟಿತು. ಆನಂದ್‌ಟೆಕ್ ಪತ್ರಿಕೆ ಆಗ ಅಳೆದಂತೆ, ಸಹಜವಾಗಿ ಕೈಯಲ್ಲಿ ಹಿಡಿದರೇ ಸಿಗ್ನಲ್ ಸುಮಾರು 20 ಡೆಸಿಬೆಲ್ ಕುಸಿಯುತ್ತಿತ್ತು. 20 ಡೆಸಿಬೆಲ್ ಎಂದರೆ ನೂರರಲ್ಲಿ ಒಂದು ಪಾಲು ಶಕ್ತಿ ಮಾತ್ರ ಉಳಿಯಿತು ಎಂದರ್ಥ. ರಬ್ಬರು ಮತ್ತು ಪ್ಲಾಸ್ಟಿಕ್ಕಿನ ಬಂಪರ್ ತೊಡಿಸಿದ ಮೇಲೆ ಕೈಗೂ ಸ್ಟೀಲಿಗೂ ನಡುವೆ ಒಂದೆರಡು ಮಿಲಿಮೀಟರ್ ಅಂತರ ಬಂತು, ಕುಸಿತ ಬಹುಪಾಲು ನಿಂತಿತು. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಇನ್ನೂ ಅಗ್ಗದ ಉಪಾಯ ಹೇಳಿತ್ತು: ಆ ಮೂಲೆಗೆ ಒಂದು ತುಂಡು ಡಕ್ಟ್ ಟೇಪ್ ಅಂಟಿಸಿ.

ಸಿಗ್ನಲ್‌ಗೆ ಶತ್ರು ಪ್ಲಾಸ್ಟಿಕ್ ಅಲ್ಲ, ಕೈ. ನೀರು ಮತ್ತು ಉಪ್ಪು ತುಂಬಿದ ನಮ್ಮ ಅಂಗೈ ರೇಡಿಯೋ ತರಂಗಗಳನ್ನು ಚೆನ್ನಾಗಿ ಹೀರುತ್ತದೆ. ಸಿಲಿಕೋನ್, ಟಿಪಿಯು, ಪಾಲಿಕಾರ್ಬೊನೇಟ್, ಚರ್ಮ, ಮರ ಇವು ಯಾವುವೂ ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ತರಂಗಗಳು ಇವುಗಳ ಮೂಲಕ ಹಾದುಹೋಗುತ್ತವೆ. ದಪ್ಪದ ಲೆಕ್ಕವೂ ಇಲ್ಲಿ ಸುಲಭ. ನಮ್ಮಲ್ಲಿ 5ಜಿ ಓಡುವ 700 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 43 ಸೆಂಟಿಮೀಟರ್, 3,500 ಮೆಗಾಹರ್ಟ್ಸ್‌ನದು ಸುಮಾರು 8.5 ಸೆಂಟಿಮೀಟರ್. ಇಷ್ಟು ಉದ್ದದ ಅಲೆಗೆ ಎರಡು ಮಿಲಿಮೀಟರ್ ರಬ್ಬರು ಅಡ್ಡ ಬಂದದ್ದೇ ಗೊತ್ತಾಗದು. ಆಂಟೆನಾಕ್ಕೆ ಅಂಟಿಕೊಂಡಂತೆ ಪ್ಲಾಸ್ಟಿಕ್ ಬಂದಾಗ ಅದರ ಶ್ರುತಿ ಒಂದಿಷ್ಟು ಕೆಳಕ್ಕೆ ಜಾರುವುದು ನಿಜ. ಆದರೆ ಜನ ಫೋನಿಗೆ ಕವರ್ ಹಾಕಿಯೇ ಹಾಕುತ್ತಾರೆಂದು ತಯಾರಕರಿಗೂ ಗೊತ್ತು, ಶ್ರುತಿಯನ್ನು ತಾನಾಗಿಯೇ ಸರಿಪಡಿಸಿಕೊಳ್ಳುವ ಸರ್ಕ್ಯೂಟ್ ಈಗಿನ ಫೋನ್‌ಗಳಲ್ಲಿರುತ್ತದೆ.

ಈ ಲೆಕ್ಕ ಬದಲಾಗುವುದು ಮಿಲಿಮೀಟರ್ ತರಂಗದ 5ಜಿಯಲ್ಲಿ. 26 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 11.5 ಮಿಲಿಮೀಟರ್, ಅಲ್ಲಿ ಕವರ್‌ನ ಎರಡು ಮೂರು ಮಿಲಿಮೀಟರ್ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. ಆದರೆ ಭಾರತದಲ್ಲಿ ಮಾರುವ ಐಫೋನ್‌ಗಳಲ್ಲಿ ಆ ಆಂಟೆನಾಗಳೇ ಇಲ್ಲ. ಅಮೆರಿಕದಲ್ಲಿರುವ ಮಗನೋ ಮಗಳೋ ಅಲ್ಲೇ ಕೊಂಡ ಫೋನನ್ನು ಅಲ್ಲೇ ಬಳಸುವಾಗ ಯೋಚಿಸಬೇಕಾದ ಮಾತು ಅದು.

ಲೋಹದ ವಿಷಯಕ್ಕೆ ಬಂದರೆ ದಪ್ಪದ ಪ್ರಶ್ನೆಯೇ ಅರ್ಥ ಕಳೆದುಕೊಳ್ಳುತ್ತದೆ. ಮೊಬೈಲ್ ತರಂಗ ಅಲ್ಯೂಮಿನಿಯಂ ಒಳಗೆ ಇಳಿಯುವುದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟೇ. ಚಪಾತಿ ಸುತ್ತುವ ಫಾಯಿಲ್ ಕೂಡ ಅದಕ್ಕಿಂತ ದಪ್ಪ. ಹಾಗಾಗಿ ಅರ್ಧ ಮಿಲಿಮೀಟರಿನ ಲೋಹದ ಕವರ್ ಮಾಡುವಷ್ಟು ಹಾನಿಯನ್ನು ನಾಲ್ಕು ಮಿಲಿಮೀಟರಿನ ರಬ್ಬರು ಮಾಡಲಾರದು. ಇಲ್ಲಿ ಗ್ರಾಹಕರು ಹೆಚ್ಚಾಗಿ ಎಡವುವುದು ‘ಕಾರ್ಬನ್ ಫೈಬರ್’ ಎಂಬ ಹೆಸರಿನಲ್ಲಿ. ನಿಜವಾದ ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ, ಸಿಗ್ನಲ್ ತಡೆಯುತ್ತದೆ. ಅದೇ ಬಗೆಯ ನೇಯ್ಗೆ ಕಾಣುವ ಅರಾಮಿಡ್ ಫೈಬರ್ ವಿದ್ಯುತ್ ಹರಿಸುವುದಿಲ್ಲ, ಸಿಗ್ನಲ್‌ಗೆ ತೊಂದರೆಯಿಲ್ಲ. ಕಾಗದದಷ್ಟು ತೆಳ್ಳಗಿನ ದುಬಾರಿ ಕವರ್‌ಗಳು ಹೆಚ್ಚಾಗಿ ಅರಾಮಿಡ್‌ನವು. ಇನ್ನು ಮೂರನೇ ಜಾತಿ, ಕಾರ್ಬನ್ ಫೈಬರ್ ಚಿತ್ತಾರ ಒತ್ತಿದ ಸಾದಾ ಟಿಪಿಯು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ರಾಶಿ ಹಾಕಿ ಮಾರುವುದು ಇದನ್ನೇ, ಸಿಗ್ನಲ್ ಮಟ್ಟಿಗೆ ಇದು ನಿರಪಾಯಕಾರಿ.

‘ರೇಡಿಯೇಶನ್ ತಡೆಯುವ’ ಕವರ್, ಸ್ಟಿಕರ್‌ಗಳ ಬಗ್ಗೆ ಒಂದು ಮಾತು. ಸಿಗ್ನಲ್ ತಡೆದರೆ ಫೋನ್ ಸುಮ್ಮನಿರುವುದಿಲ್ಲ, ಟವರ್ ಮುಟ್ಟಲು ಇನ್ನೂ ಜೋರಾಗಿ ಕೂಗುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದೇ ಕಾರಣ ಕೊಟ್ಟು ಗ್ರಾಹಕರನ್ನು ಎಚ್ಚರಿಸಿದೆ: ಇಂಥ ತಡೆಗಳಿಂದ ಫೋನ್ ಹೆಚ್ಚು ಶಕ್ತಿ ಬಳಸಿ, ವಿಕಿರಣ ಕಡಿಮೆಯಾಗುವ ಬದಲು ಹೆಚ್ಚಾಗಬಹುದು. ದುಡ್ಡು ಕೊಟ್ಟು ಬ್ಯಾಟರಿ ಖಾಲಿ ಮಾಡಿಕೊಳ್ಳುವ ದಾರಿ ಇದು.

ತಮ್ಮ ಕವರ್ ಮೇಲೆ ಅನುಮಾನವಿದ್ದವರು ಕಡ್ಡಿ ಎಣಿಸುತ್ತ ಕೂರಬಾರದು, ಅಂಕಿ ನೋಡಬೇಕು. ಆಂಡ್ರಾಯ್ಡ್ ಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರಗಳ ಒಳಗೆ ‘SIM status’ ಎಂಬಲ್ಲಿ ಸಿಗ್ನಲ್ ಬಲ dBm ಲೆಕ್ಕದಲ್ಲಿ ಸಿಗುತ್ತದೆ. ಐಫೋನ್‌ನಲ್ಲಿ ಕರೆ ಮಾಡುವ ಜಾಗದಲ್ಲಿ *3001#12345#* ಒತ್ತಿದರೆ ಪರೀಕ್ಷಾ ಪುಟ ತೆರೆಯುತ್ತದೆ. 4ಜಿ, 5ಜಿಯಲ್ಲಿ −80ರ ಆಸುಪಾಸು ಉತ್ತಮ, −110 ದಾಟಿದರೆ ದುರ್ಬಲ. ಫೋನನ್ನು ಕೈಯಲ್ಲಿ ಹಿಡಿಯದೆ ಮೇಜಿನ ಮೇಲಿಟ್ಟು, ಒಂದು ನಿಮಿಷ ಬಿಟ್ಟು ಅಂಕಿ ಬರೆದುಕೊಳ್ಳಬೇಕು. ಅಲ್ಲೇ ಕವರ್ ತೆಗೆದು ಮತ್ತೆ ನೋಡಬೇಕು, ಎರಡು ಮೂರು ಸಲ ಹೀಗೆ ಅದಲುಬದಲು ಮಾಡಬೇಕು. ಕೂತಲ್ಲೇ ಅಂಕಿ ನಾಲ್ಕೈದು ಡೆಸಿಬೆಲ್ ಹಿಂದೆ ಮುಂದೆ ಆಡುತ್ತಿರುತ್ತದೆ, ಅಷ್ಟು ವ್ಯತ್ಯಾಸಕ್ಕೆ ಕವರನ್ನು ದೂರುವಂತಿಲ್ಲ. ಪ್ರತಿ ಸಲವೂ ಹತ್ತು ಹದಿನೈದು ಇಳಿದರೆ ಕವರ್‌ನಲ್ಲಿ ಲೋಹವೋ ಕಾರ್ಬನ್ ಫೈಬರೋ ಇರಬಹುದು.

ವೈರ್‌ಲೆಸ್ ಚಾರ್ಜಿಂಗ್‌ನಲ್ಲಿ ಮಾತ್ರ ಮಿಲಿಮೀಟರಿಗೆ ಮಿಲಿಮೀಟರಿನದೇ ಬೆಲೆ.

ಚಾರ್ಜರ್ ತಟ್ಟೆಯ ಒಳಗೆ ತಾಮ್ರದ ತಂತಿಯ ಚಪ್ಪಟೆ ಸುರುಳಿಯಿದೆ, ಫೋನಿನ ಬೆನ್ನಿನ ಒಳಗೆ ಅಂಥದೇ ಇನ್ನೊಂದು. ತಟ್ಟೆಯ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುತ್ತದೆ, ಅದರಿಂದ ಹುಟ್ಟುವ ಕಾಂತಕ್ಷೇತ್ರ ಫೋನಿನ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿಸುತ್ತದೆ. ಇಲ್ಲಿ ಗಾಳಿಯಲ್ಲಿ ದೂರ ಹೋಗುವ ರೇಡಿಯೋ ಅಲೆಯ ಕೆಲಸವಿಲ್ಲ. ಎರಡು ಸುರುಳಿಗಳು ಮೈಗೆ ಮೈ ತಾಗುವಷ್ಟು ಹತ್ತಿರವಿದ್ದಾಗ ಮಾತ್ರ ಇದು ಚೆನ್ನಾಗಿ ನಡೆಯುತ್ತದೆ. ಹತ್ತಿರ ಹತ್ತಿರ ಇಟ್ಟರೂ ತಟ್ಟೆಯ ಹೊದಿಕೆ, ಫೋನಿನ ಹಿಂಬದಿಯ ಗಾಜು ಸೇರಿ ಕೆಲವು ಮಿಲಿಮೀಟರ್ ಮೊದಲೇ ಖರ್ಚಾಗಿರುತ್ತದೆ. ಕವರ್‌ನ ದಪ್ಪ ಅದರ ಮೇಲೆ ಕೂಡುವ ಬಾಕಿ. ಸಾಮಾನ್ಯವಾಗಿ ತಯಾರಕರು 3 ಮಿಲಿಮೀಟರ್ ತನಕದ ಕವರ್ ಸಾಕು ಎನ್ನುತ್ತಾರೆ. ದಿನಬಳಕೆಯ ಟಿಪಿಯು ಬ್ಯಾಕ್ ಕವರ್ ಒಂದೂವರೆ ಎರಡು ಮಿಲಿಮೀಟರ್ ಇರುತ್ತದೆ, ಅದರಿಂದ ತೊಂದರೆಯಿಲ್ಲ. ಎರಡು ಪದರದ ಆರ್ಮರ್ ಕವರ್ ಸುಲಭವಾಗಿ ಆ ಗಡಿ ದಾಟುತ್ತದೆ.

ಗಡಿ ದಾಟಿದರೆ ಚಾರ್ಜಿಂಗ್ ಥಟ್ಟನೆ ನಿಲ್ಲಬೇಕೆಂದಿಲ್ಲ. ಫೋನಿಗೆ ಸಾಕಷ್ಟು ವಿದ್ಯುತ್ ಸಿಗದಾಗ ಅದು ಚಾರ್ಜರಿಗೆ ಇನ್ನಷ್ಟು ಕೊಡು ಎಂದು ಸಂದೇಶ ಕಳಿಸುತ್ತದೆ, ಚಾರ್ಜರ್ ತನ್ನ ಸುರುಳಿಯಲ್ಲಿ ಹೆಚ್ಚು ವಿದ್ಯುತ್ ಹರಿಸುತ್ತದೆ. ಆ ಹೆಚ್ಚುವರಿಯಲ್ಲಿ ಒಂದು ಪಾಲು ಬ್ಯಾಟರಿ ತಲುಪದೆ ಬಿಸಿಯಾಗಿ ಪೋಲಾಗುತ್ತದೆ. ಆ ಬಿಸಿ ಹೊರಗೆ ಹೋಗದಂತೆ ಕವರ್ ಬೇರೆ ಹಿಡಿದಿಟ್ಟುಕೊಳ್ಳುತ್ತದೆ, ಏಪ್ರಿಲ್ ಬಿಸಿಲಲ್ಲಿ ಕಂಬಳಿ ಹೊದ್ದು ಓಡಿದವನ ಗತಿ ಫೋನಿನದು. ಬಿಸಿಯಾದ ಫೋನ್ ಬ್ಯಾಟರಿ ಕಾಪಾಡಿಕೊಳ್ಳಲು ಚಾರ್ಜಿಂಗ್ ವೇಗವನ್ನು ತಾನೇ ಇಳಿಸುತ್ತದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. 4,500 ಎಂಎಎಚ್ ಬ್ಯಾಟರಿಯಲ್ಲಿ ತುಂಬುವ ಶಕ್ತಿ ಸುಮಾರು 17 ವಾಟ್-ಗಂಟೆ. 15 ವಾಟ್ ಒಂದೇ ಸಮ ಒಳಗೆ ಹೋದರೆ ಒಂದು ಗಂಟೆ ಹತ್ತು ನಿಮಿಷದ ಕೆಲಸ. ಬಿಸಿಯಿಂದ ವೇಗ 5 ವಾಟ್‌ಗೆ ಇಳಿದರೆ ಅದೇ ಕೆಲಸಕ್ಕೆ ಸುಮಾರು ಮೂರೂವರೆ ಗಂಟೆ. ವಾಸ್ತವದಲ್ಲಿ ಎರಡೂ ಇದಕ್ಕಿಂತ ಹೆಚ್ಚೇ ಹಿಡಿಯುತ್ತವೆ, ಕೊನೆಯ ಇಪ್ಪತ್ತು ಶೇಕಡಾ ನಿಧಾನವಾಗಿಯೇ ತುಂಬುವುದು ವಾಡಿಕೆ. ಐಫೋನ್‌ಗಳು ಹೆಚ್ಚು ಬಿಸಿಯಾದಾಗ 80 ಶೇಕಡಾದಲ್ಲಿ ಚಾರ್ಜಿಂಗ್ ತಡೆಹಿಡಿಯುವುದೂ ಉಂಟು. ಆಪಲ್ ತನ್ನ ಫೋನ್ ಬಳಸಲು ಹೇಳುವ ಸುತ್ತಲಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್ ತನಕ. ರಾಯಚೂರು, ಕಲಬುರಗಿಯ ಮೇ ತಿಂಗಳು 40 ದಾಟುವುದು ಮಾಮೂಲು. ಬೆಂಗಳೂರಿನಲ್ಲಿ ಸರಿಯಾಗಿ ನಡೆದ ಅದೇ ಕವರ್, ಅದೇ ಚಾರ್ಜರ್ ಅಲ್ಲಿ ಮೊಂಡು ಹಿಡಿದರೆ ಚಾರ್ಜರ್ ಕೆಟ್ಟಿದೆ ಎಂದು ತೀರ್ಮಾನಿಸಬೇಕಿಲ್ಲ. ಫೋನ್ ಬಿಸಿಯಾದರೆ ಮೊದಲು ಕವರ್ ತೆಗೆಯಿರಿ ಎಂದು ಆಪಲ್ ತಾನೇ ಹೇಳಿದೆ.

ದಪ್ಪದಷ್ಟೇ ಮುಖ್ಯವಾದದ್ದು ಜೋಡಣೆ. ರಾತ್ರಿ ಕತ್ತಲಲ್ಲಿ ಫೋನನ್ನು ತಟ್ಟೆಯ ಮೇಲೆ ಒಂದು ಸೆಂಟಿಮೀಟರ್ ಆಚೆ ಇಟ್ಟರೆ ತೆಳ್ಳನೆಯ ಕವರೂ ಕಾಪಾಡದು. ಇದಕ್ಕೆ ಉತ್ತರವಾಗಿ ಆಪಲ್ 2020ರ ಐಫೋನ್ 12ರಲ್ಲಿ ಸುರುಳಿಯ ಸುತ್ತ ಮ್ಯಾಗ್ನೆಟ್‌ಗಳ ಉಂಗುರ ಇಟ್ಟಿತು. 2023ರಲ್ಲಿ ಬಂದ ಕ್ಯೂಐ2 ಎಂಬ ಸಾರ್ವತ್ರಿಕ ಮಾನದಂಡ ಅದನ್ನೇ ಆಧರಿಸಿದೆ. ಆದರೆ ಮ್ಯಾಗ್ನೆಟ್ಟಿನ ಸೆಳೆತ ದೂರವಾದಂತೆ ಬೇಗ ಬೇಗ ಕುಗ್ಗುತ್ತದೆ. ಸಾದಾ ಎರಡು ಮಿಲಿಮೀಟರ್ ಕವರ್ ಹಾಕಿದರೆ ಫೋನ್ ಚಾರ್ಜರಿಗೆ ಅರೆಮನಸ್ಸಿನಿಂದ ಅಂಟುತ್ತದೆ, ಕಾರಿನ ಹೋಲ್ಡರ್‌ನಲ್ಲಿ ಮೊದಲ ಹಂಪಿಗೇ ಬೀಳುತ್ತದೆ. ಅಂಥ ಫೋನಿಗೆ ಮ್ಯಾಗ್ನೆಟ್ ಉಂಗುರ ಒಳಗೇ ಇರುವ ಕವರ್ ಕೊಳ್ಳುವುದು ಶೋಕಿಯಲ್ಲ, ಅಗತ್ಯ.

ಇನ್ನು ಕವರ್ ಮತ್ತು ಫೋನಿನ ನಡುವಿನ ಸಂಸಾರ. ಪಾರದರ್ಶಕ ಕವರ್‌ನ ಒಳಗೆ ಹತ್ತರ ನೋಟು, ರಾಯರ ಫೋಟೊ, ದೇವಸ್ಥಾನದ ಹೂವಿನ ಎಸಳು, ಮೆಟ್ರೋ ಕಾರ್ಡು ಇಟ್ಟುಕೊಳ್ಳುವವರನ್ನು ದಿನಾ ಕಾಣುತ್ತೇವೆ. ನೋಟು, ಫೋಟೊ, ಹೂವಿಗೆ ಭಯವಿಲ್ಲ. ಮೆಟ್ರೋ ಕಾರ್ಡ್ ಬೇರೆ ಕಥೆ: ಅದರ ಒಳಗೂ ಒಂದು ತಂತಿಯ ಸುರುಳಿ ಮತ್ತು ಚಿಪ್ ಇದೆ. ಗೇಟಿನ ಸೌಮ್ಯ ಕ್ಷೇತ್ರಕ್ಕೆಂದು ಮಾಡಿದ ಆ ಚಿಪ್ ಚಾರ್ಜರಿನ ಬಲವಾದ ಕ್ಷೇತ್ರಕ್ಕೆ ಸಿಕ್ಕಿದರೆ ಕೆಡಬಹುದು. ಬ್ಯಾಂಕ್ ಕಾರ್ಡು, ಕಚೇರಿಯ ಗುರುತಿನ ಚೀಟಿ, ಪಾಸ್‌ಪೋರ್ಟ್‌ಗೂ ಇದೇ ಎಚ್ಚರಿಕೆ. ಬೆನ್ನಿಗೆ ಅಂಟಿಸುವ ಲೋಹದ ರಿಂಗ್ ಹೋಲ್ಡರ್, ಕಾರಿನ ಮ್ಯಾಗ್ನೆಟ್ ಸ್ಟ್ಯಾಂಡಿಗೆಂದು ಕವರ್ ಒಳಗೆ ಇಡುವ ಕಬ್ಬಿಣದ ತಗಡು ಇನ್ನೂ ಕೆಟ್ಟವು. ಫೋನಿನ ಆಂಟೆನಾಗಳು ಅಂಚುಗಳಲ್ಲಿರುವುದರಿಂದ ಬೆನ್ನಿನ ನಡುವೆ ಕೂತ ರಿಂಗ್ ಸಿಗ್ನಲ್‌ಗೆ ಅಷ್ಟಾಗಿ ಕೈ ಹಾಕದು, ಆದರೆ ಚಾರ್ಜಿಂಗ್ ಸುರುಳಿ ಇರುವುದು ಅಲ್ಲೇ. ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ ಅದು ಕಾಯುತ್ತದೆ. ಒಳ್ಳೆಯ ಚಾರ್ಜರ್ ಇದನ್ನು ಗುರುತಿಸಿ ದೀಪ ಮಿಣುಕಿಸಿ ನಿಂತುಬಿಡುತ್ತದೆ. ಹೆಸರಿಲ್ಲದ ಅಗ್ಗದ ಚಾರ್ಜರ್ ಹಾಗೆ ನಿಲ್ಲುತ್ತದೆಂಬ ಭರವಸೆಯಿಲ್ಲ.

ಪರದೆಯ ಮೇಲಿನ ಟೆಂಪರ್ಡ್ ಗ್ಲಾಸ್‌ಗೆ ಸಿಗ್ನಲ್, ಚಾರ್ಜಿಂಗ್ ಎರಡರ ಗೊಡವೆಯೂ ಇಲ್ಲ. ಗಾಜು ವಿದ್ಯುತ್ ಹರಿಸುವುದಿಲ್ಲ, ಸುರುಳಿ ಇರುವುದು ಹಿಂದೆ. ಅದರ 0.33 ಮಿಲಿಮೀಟರ್ ಕಾಡುವುದು ಬೆರಳಿಗೆ. ಆದರೂ ಎಚ್ಚರವಿರಬೇಕಾದದ್ದು ದಪ್ಪಕ್ಕಿಂತ ಹೆಚ್ಚಾಗಿ ನಡುವೆ ಉಳಿಯುವ ಗಾಳಿಗೆ. 2019ರಲ್ಲಿ ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್10 ಇದಕ್ಕೆ ಪಾಠವಾಯಿತು. ಅದರ ಬೆರಳಚ್ಚು ಸೆನ್ಸರ್ ಪರದೆಯ ಕೆಳಗಿನಿಂದ ಅಲ್ಟ್ರಾಸೌಂಡ್ ಕಳಿಸಿ ಬೆರಳಿನ ಏರಿಳಿತ ಓದುತ್ತಿತ್ತು. ಕೆಲವು ಸಿಲಿಕೋನ್ ಹೊದಿಕೆಗಳ ಒಳಮೈಯ ಮೂರು ಆಯಾಮದ ಚಿತ್ತಾರವನ್ನೇ ಅದು ಮಾಲೀಕರ ಬೆರಳೆಂದು ಕಲಿತುಬಿಟ್ಟಿತು. ಆಮೇಲೆ ಯಾರ ಬೆರಳು ಇಟ್ಟರೂ ಬೀಗ ತೆರೆಯುತ್ತಿತ್ತು. ಬ್ರಿಟನ್ನಿನ ಮಹಿಳೆಯೊಬ್ಬರಿಗೆ ಇದು ಗೊತ್ತಾದದ್ದು ಗಂಡನ ಬೆರಳಿಗೂ ತಮ್ಮ ಫೋನ್ ತೆರೆದುಕೊಂಡಾಗ. ಕೊರಿಯಾದ ಕಾಕಾವೊ ಬ್ಯಾಂಕ್ ತನ್ನ ಗ್ರಾಹಕರಿಗೆ ಬೆರಳಚ್ಚು ಬಳಸಬೇಡಿ ಎಂದಿತು, ಸ್ಯಾಮ್ಸಂಗ್ ತಂತ್ರಾಂಶ ತಿದ್ದಿ ಕಳಿಸಿತು. ಹೊಸ ಗ್ಲಾಸ್ ಹಾಕಿಸಿದ ಮೇಲೆ ಹಳೆಯ ಬೆರಳಚ್ಚು ಅಳಿಸಿ ಮತ್ತೆ ದಾಖಲಿಸುವುದು, ಆಮೇಲೆ ಮನೆಯವರೊಬ್ಬರ ಬೆರಳಿಟ್ಟು ಪರೀಕ್ಷಿಸುವುದು ಎರಡು ನಿಮಿಷದ ಕೆಲಸ. ಪೊಟ್ಟಣದ ಮೇಲಿನ ‘9ಎಚ್’ ನೋಡಿ ಮರುಳಾಗುವುದೂ ಬೇಡ. ಅದು ಪೆನ್ಸಿಲ್ ಗೀಚಿ ನೋಡುವ ಪರೀಕ್ಷೆಯ ಅಂಕಿ, ವಜ್ರವನ್ನು 10 ಎನ್ನುವ ಮೋಸ್ ಮಾಪಕದ್ದಲ್ಲ. ಜೇಬಿನ ಮರಳು ಆ ಗಾಜನ್ನೂ ಗೀರುತ್ತದೆ.

ಕ್ಯಾಮೆರಾ ವಿಷಯದಲ್ಲಿ ಕವರ್‌ನ ಒಟ್ಟು ದಪ್ಪಕ್ಕೆ ಅರ್ಥವಿಲ್ಲ. ಲೆನ್ಸ್ ಸುತ್ತ ಎದ್ದಿರುವ ಅಂಚು ಎಷ್ಟು ಎತ್ತರ, ಎಷ್ಟು ಹತ್ತಿರ ಎಂಬುದಷ್ಟೇ ಪ್ರಶ್ನೆ. ಅಲ್ಟ್ರಾವೈಡ್ ಲೆನ್ಸ್ ಸುಮಾರು 120 ಡಿಗ್ರಿ ನೋಡುತ್ತದೆ, ನೇರ ದೃಷ್ಟಿಯಿಂದ ಆಚೀಚೆಗೆ 60 ಡಿಗ್ರಿ. ಶಾಲೆಯ ತ್ರಿಕೋನಮಿತಿ ನೆನಪಿರುವವರು ಲೆಕ್ಕ ಹಾಕಬಹುದು: ಅಂಚು ಲೆನ್ಸಿಗಿಂತ ಒಂದು ಮಿಲಿಮೀಟರ್ ಎತ್ತರವಿದ್ದರೆ, ಅದು ಲೆನ್ಸಿನ ಗಾಜಿನಿಂದ ಕನಿಷ್ಠ 1.7 ಮಿಲಿಮೀಟರ್ ದೂರವಿರಬೇಕು. ಎರಡು ಮಿಲಿಮೀಟರ್ ಎತ್ತರವಿದ್ದರೆ ಮೂರೂವರೆ ಮಿಲಿಮೀಟರ್. ಅದಕ್ಕಿಂತ ಹತ್ತಿರ ಬಂದರೆ ಚಿತ್ರದ ಮೂಲೆಗಳಲ್ಲಿ ಕಪ್ಪು ನೆರಳು. ಬಿಳಿ ಗೋಡೆಯನ್ನು 0.5ಎಕ್ಸ್‌ನಲ್ಲಿ ಕವರ್ ಸಹಿತ ಒಮ್ಮೆ, ತೆಗೆದು ಒಮ್ಮೆ ಹೊಡೆದು ಮೂಲೆಗಳನ್ನು ಹೋಲಿಸಿದರೆ ನಿಜ ಗೊತ್ತಾಗುತ್ತದೆ. ಅಂಚು ಪೂರ್ತಿ ಬೇಡವೆನ್ನುವಂತಿಲ್ಲ, ಮೇಜಿನ ಮೇಲಿಟ್ಟಾಗ ಲೆನ್ಸ್ ಉಜ್ಜದಂತೆ ಕಾಯುವುದು ಅದೇ. ಫ್ಲ್ಯಾಶ್ ಪಕ್ಕದ ಅಂಚು ಬಿಳಿಯೋ ಹೊಳಪಿನದೋ ಆಗಿದ್ದರೆ ಬೆಳಕು ಅದಕ್ಕೆ ಬಡಿದು ಲೆನ್ಸಿಗೆ ಮರಳಿ ಚಿತ್ರವೆಲ್ಲ ಮಂಜುಮಂಜಾಗುತ್ತದೆ. ಕ್ಯಾಮೆರಾ ಕಿಂಡಿಯ ಸುತ್ತ ಮಾಸಲು ಕಪ್ಪಿರುವ ಕವರ್ ಇದಕ್ಕೆ ಮದ್ದು.

ಕವರ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಇನ್ನೊಂದು ಸೂಕ್ಷ್ಮವಿದೆ. ಕೈ ನಡುಗಿದರೂ ಚಿತ್ರ ಕದಡದಂತೆ ಲೆನ್ಸನ್ನು ಅಲುಗಿಸಿ ಸರಿದೂಗಿಸುವ ವ್ಯವಸ್ಥೆ ತನ್ನ ಸ್ಥಾನ ತಿಳಿಯುವುದು ಕಾಂತ ಸೆನ್ಸರ್‌ಗಳಿಂದ. ಕ್ಯಾಮೆರಾ ಬಳಿ ಬಲವಾದ ಮ್ಯಾಗ್ನೆಟ್ ಅಥವಾ ಕಬ್ಬಿಣದ ತಗಡು ಬಂದರೆ ಈ ಸೆನ್ಸರ್‌ಗಳು ಎಡವುತ್ತವೆ ಎಂದು ಆಪಲ್ ಎಚ್ಚರಿಸಿದೆ. ಮುಚ್ಚಳಕ್ಕೆ ಮ್ಯಾಗ್ನೆಟ್ ಇರುವ ಫ್ಲಿಪ್ ಕವರನ್ನು ಹಿಂದಕ್ಕೆ ಮಡಚಿ ಫೋಟೊ ತೆಗೆಯುವಾಗ ಆ ಮ್ಯಾಗ್ನೆಟ್ ಲೆನ್ಸಿನ ಹತ್ತಿರವೇ ಬರಬಹುದು. ಹಾಗೆ ಮಡಚಿದಾಗ ಮಾತ್ರ ಚಿತ್ರ ಮಸುಕಾದರೆ ಕಾರಣ ಸಿಕ್ಕಂತೆ.

ಕಡೆಗೆ ಲೆನ್ಸ್ ಗಾರ್ಡ್, ಅಂಗಡಿಯವರು ಟೆಂಪರ್ಡ್ ಗ್ಲಾಸ್ ಜೊತೆಗೆ ‘ಇದೂ ಹಾಕ್ಬಿಡ್ಲಾ ಸಾರ್?’ ಎಂದು ಕೇಳಿ ಅಂಟಿಸುವ ಪುಟ್ಟ ಗಾಜು. ಅದರ ದಪ್ಪದಿಂದ ಫೋಕಸ್ ಕೆಡುವುದಿಲ್ಲ. ಕೆಡಿಸುವುದು ಅದರ ಎರಡು ಹೊಸ ಮೈಗಳು. ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೈಯೂ ಬೆಳಕಿನ ಸುಮಾರು 4 ಶೇಕಡಾ ಪಾಲನ್ನು ಹಿಂದಕ್ಕೆ ಹಾರಿಸುತ್ತದೆ. ಹಗಲಲ್ಲಿ ಇದು ಕಾಣದು. ರಾತ್ರಿ ಬೀದಿದೀಪ, ದಸರೆಯ ದೀಪಾಲಂಕಾರ, ಮದುವೆ ಮನೆಯ ಸೀರಿಯಲ್ ಸೆಟ್ ತೆಗೆಯುವಾಗ ಪ್ರಖರ ಬೆಳಕು ಲೆನ್ಸ್ ಒಳಗೆ ಹೋಗಿ, ಸೆನ್ಸರಿಗೆ ಬಡಿದು ಹೊರಬಂದು, ಗಾರ್ಡಿನ ಮೈಗೆ ತಾಗಿ ಮತ್ತೆ ಒಳಗೆ ಹೋಗುತ್ತದೆ. ಚಿತ್ರದ ಬಲಮೇಲ್ತುದಿಯಲ್ಲಿ ದೀಪವಿದ್ದರೆ ಎಡಕೆಳತುದಿಯಲ್ಲಿ ಅದರ ತಲೆಕೆಳಗಾದ ಪ್ರೇತ ಮೂಡುತ್ತದೆ. ಗಾರ್ಡ್ ಇಲ್ಲದ ಫೋನ್‌ಗಳಲ್ಲೂ ಇದು ಒಂದಿಷ್ಟು ಇರುವುದರಿಂದ ಗಾರ್ಡ್ ತೆಗೆದು ಹೊಡೆದು ಹೋಲಿಸಿದರೆ ಮಾತ್ರ ತಪ್ಪು ಯಾರದೆಂದು ತಿಳಿಯುತ್ತದೆ. ಫ್ಲ್ಯಾಶ್ ಸೇರಿಸಿ ಎಲ್ಲವನ್ನೂ ಒಂದೇ ಗಾಜಿನಿಂದ ಮುಚ್ಚುವ ಗಾರ್ಡ್ ಎಲ್ಲಕ್ಕಿಂತ ಕೆಟ್ಟದ್ದು, ಫ್ಲ್ಯಾಶ್‌ನ ಬೆಳಕು ಗಾಜಿನ ಒಳಗೊಳಗೇ ಅಡ್ಡಡ್ಡ ಹರಿದು ಲೆನ್ಸ್ ಮುಂದೆ ಬಂದು ಚೆಲ್ಲುತ್ತದೆ.

ಫೋನಿನ ಲೆನ್ಸ್ ಮೇಲಿರುವ ಮೂಲ ಗಾಜು ಸಾಮಾನ್ಯವಾಗಿ ಗಟ್ಟಿಮುಟ್ಟಾದದ್ದೇ, ಆಪಲ್ ತನ್ನದು ಸಫೈರ್ ಹರಳಿನದೆನ್ನುತ್ತದೆ. ಗೀರಿನ ಭಯಕ್ಕೆ ಅದಕ್ಕಿಂತ ಮೆದುವಾದ ಗಾಜನ್ನು ಮೇಲೆ ಅಂಟಿಸುವುದರಲ್ಲಿ ಅರ್ಥವಿಲ್ಲ. ಫೋನ್ ಆಗಾಗ ಬೀಳಿಸುವವರು ಹಾಕಿಸುವುದಾದರೆ ಪ್ರತಿಫಲನ ತಡೆಯುವ ಲೇಪನ ಇರುವ, ಒಂದೊಂದು ಲೆನ್ಸಿಗೂ ಬೇರೆ ಬೇರೆಯಾಗಿ ಕೂರುವ ಗಾರ್ಡ್ ಕೇಳಿ ಪಡೆಯಲಿ. ಉಳಿದವರು ‘ಇದೂ ಹಾಕ್ಬಿಡ್ಲಾ’ ಎಂಬ ಪ್ರಶ್ನೆಗೆ ಬೇಡ ಎಂದು ಹೇಳಿ, ಲೆನ್ಸನ್ನು ದಿನಕ್ಕೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿಕೊಂಡರೆ ಚಿತ್ರಗಳು ಹೆಚ್ಚು ಸ್ವಚ್ಛವಾಗಿ ಬರುತ್ತವೆ.